ಮಗಳ ಹಲ್ಲು, ಒಂದು ಲೋಟ ಹಾಲು ಮತ್ತು ಆ 21 ನಿಮಿಷ

ಸಂಜೆ 5 ಗಂಟೆ 10 ನಿಮಿಷಕ್ಕೆ ಮಗಳ ಹಲ್ಲು ಕಿತ್ತು ಬಂತು. ಆ ಗಾಬರಿಯಲ್ಲಿ ನಾನೇನೂ ಗಡಿಯಾರ ನೋಡಿರಲಿಲ್ಲ. ಮೊಬೈಲಿನಲ್ಲಿ ಯಾರಿಗೆ ಯಾವಾಗ ಫೋನ್ ಮಾಡಿದೆ ಎಂಬುದನ್ನು ನೋಡಿ, ಆಮೇಲೆ ಒಂದೊಂದೇ ನಿಮಿಷ ಜೋಡಿಸಿಕೊಂಡೆ. ಹಾಗೆ ಜೋಡಿಸಬೇಕಾಗಿ ಬಂದಿದ್ದು ಏಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಅವಳಿಗಾಗ ಎಂಟೂವರೆ ವರ್ಷ. ಪಾರ್ಕಿನಲ್ಲಿ ಬೇರೊಂದು ಮಗು ಜೀಕುತ್ತಿದ್ದ ಉಯ್ಯಾಲೆಯ ಮುಂದೆ ಅಡ್ಡ ಓಡಿದಳು. ಹಲಗೆಯ ಅಂಚು ನೇರ ಬಾಯಿಗೆ ಬಡಿಯಿತು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವಳು ಬೀಳಲಿಲ್ಲ, ನಿಂತಲ್ಲೇ ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. ಕೈ ಸರಿಸಿದರೆ ಬಾಯಿ ತುಂಬ ರಕ್ತ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲುಗಳ ಪೈಕಿ ಬಲಗಡೆಯದು ಇರಲೇ ಇಲ್ಲ. ಅಲ್ಲಿ ಕೆಂಪು ಗುಳಿ ಮಾತ್ರ.

ಮೊದಲು ತಲೆಗೆ ಬಂದ ಯೋಚನೆ ಏನು ಗೊತ್ತಾ? "ಬೀಳುವ ವಯಸ್ಸು ತಾನೇ, ಬೇರೆ ಬರುತ್ತೆ ಬಿಡು." ಆ ಒಂದು ಕ್ಷಣದ ಸಮಾಧಾನದಲ್ಲಿ ನಾನು ಅವಳನ್ನು ಎತ್ತಿಕೊಂಡು ಮನೆಗೆ ಹೊರಟುಬಿಡುತ್ತಿದ್ದೆ. ಆದರೆ ಈ ಹಲ್ಲು ಬಂದಿದ್ದು ವರ್ಷದ ಹಿಂದಷ್ಟೇ. ಬಂದಾಗ ಅದರ ಅಂಚು ಗರಗಸದ ಹಾಗೆ ಏಣು ಏಣಾಗಿತ್ತು, ಅವಳು ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದಳು. ಅದು ನೆನಪಾದ ಕೂಡಲೇ ಹೊಟ್ಟೆಯಲ್ಲಿ ತಣ್ಣಗಾಯಿತು. ಇದು ಹಾಲುಹಲ್ಲಲ್ಲ. ಇದರ ಹಿಂದೆ ಇನ್ನೊಂದು ಬರುವುದಿಲ್ಲ.

ಮೇಲಿನ ನಡುವಿನ ಎರಡು ಹಲ್ಲುಗಳು ಸಾಮಾನ್ಯವಾಗಿ ಏಳು ಎಂಟು ವರ್ಷಕ್ಕೇ ಶಾಶ್ವತ ಹಲ್ಲಾಗಿ ಬಂದಿರುತ್ತವೆ. ಮಕ್ಕಳಿಗೆ ಪೆಟ್ಟು ಬಿದ್ದಾಗ ಹೆಚ್ಚಾಗಿ ಹೋಗುವುದೂ ಇವೇ. ಅನುಮಾನವಿದ್ದರೆ ಬಿದ್ದ ಹಲ್ಲನ್ನೇ ನೋಡಿ. ತಾನಾಗಿ ಸಡಿಲವಾಗಿ ಉದುರುವ ಹಾಲುಹಲ್ಲಿಗೆ ಬೇರು ಕರಗಿಹೋಗಿರುತ್ತದೆ, ಚಿಕ್ಕ ಚಿಪ್ಪಿನ ಹಾಗೆ ಇರುತ್ತದೆ. ಪೆಟ್ಟಿಗೆ ಕಿತ್ತು ಬಂದ ಶಾಶ್ವತ ಹಲ್ಲು ದೊಡ್ಡದು, ಅಗಲ, ಕೆಳಗೆ ಉದ್ದನೆಯ ಬೇರು. ನನ್ನ ಮಗಳದು ಹತ್ತಿರ ಹತ್ತಿರ 2 ಸೆಂಟಿಮೀಟರ್ ಇತ್ತು. ಬಾಯಲ್ಲಿ ಕಾಣುತ್ತಿದ್ದಿದ್ದು ಅದರ ಅರ್ಧ ಮಾತ್ರ.

ಗಂಡನಿಗೆ ಫೋನ್ ಮಾಡಿದೆ. ಅದು 5:12. ಆಮೇಲೆ ಮಂಡಿಯೂರಿ ಮರಳಿನಲ್ಲಿ ಹುಡುಕಿದೆ. ಉಯ್ಯಾಲೆಯ ಕೆಳಗೆಲ್ಲ ಮರಳು. ಸುತ್ತ ಇದ್ದ ಮಕ್ಕಳೂ ಹುಡುಕಿದರು. ಕೊನೆಗೆ ಸಿಕ್ಕಿದ್ದು ನಾಲ್ಕು ಮಾರು ಆಚೆ. ಬೇರಿಗೆಲ್ಲ ಮರಳು ಮೆತ್ತಿತ್ತು.

ನನ್ನ ತಪ್ಪುಗಳು ಶುರುವಾಗಿದ್ದು ಇಲ್ಲಿಂದ.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು "ಚೆನ್ನಾಗಿ ಉಜ್ಜಿ ಕ್ಲೀನ್ ಮಾಡಮ್ಮ, ಮಣ್ಣಾಗಿದೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ದುಪಟ್ಟಾದ ಅಂಚಿನಿಂದ ಬೇರನ್ನು ಒಂದು ಸಲ ಒರೆಸಿದೆ. ಆಮೇಲೆ ಕರವಸ್ತ್ರದಲ್ಲಿ ಸುತ್ತಿ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡೆ. ಒಡವೆ ಕಾಪಾಡಿದ ಹಾಗೆ! ಇನ್ನೊಂದು ಕೈಯಲ್ಲಿ ಮಗಳು. ಮನೆ ಐದಾರು ನಿಮಿಷದ ದಾರಿ. ದಾರಿಯುದ್ದಕ್ಕೂ ಆ ಒಣ ಬಟ್ಟೆ ಹಲ್ಲಿನ ಬೇರಿನಲ್ಲಿದ್ದ ತೇವವನ್ನು ಹೀರುತ್ತಿತ್ತು. ಹಾಗೆ ಸುತ್ತಬಾರದು ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆ ತಲುಪಿದಾಗ 5:20. ಗಂಡ ಬಾಗಿಲಲ್ಲೇ ಒಂದು ಲೋಟ ನೀರು ಹಿಡಿದು ನಿಂತಿದ್ದರು, ಹಲ್ಲನ್ನು ಅದರಲ್ಲಿ ಹಾಕಿಡೋಣ ಅಂತ. ಅಷ್ಟರಲ್ಲಿ ನಾನು ಅತ್ತಿಗೆಗೆ ಫೋನ್ ಹಚ್ಚಿದ್ದೆ. ನನ್ನ ಅಣ್ಣನ ಹೆಂಡತಿ ದಂತವೈದ್ಯೆ. ಇರುವುದು ಬೇರೆ ಊರಿನಲ್ಲಿ, ನಮ್ಮಿಂದ ಒಂದು ರಾತ್ರಿ ಪ್ರಯಾಣದ ದೂರ. ಆ ದಿನ ನಮ್ಮ ಅದೃಷ್ಟವೆಲ್ಲ ಸೇರಿ ಮಾಡಿದ ಕೆಲಸ ಎಂದರೆ ಅವರು ಫೋನ್ ಎತ್ತಿದ್ದು.

ನಾನು ಅಳುತ್ತಾ ಏನೇನೋ ಹೇಳಿದೆ. ಅವರು ಮೂರೇ ಪ್ರಶ್ನೆ ಕೇಳಿದರು. "ಪ್ರಜ್ಞೆ ತಪ್ಪಿತ್ತಾ? ವಾಂತಿ ಮಾಡಿದಳಾ? ಮಾತು ಸರಿಯಾಗಿದೆಯಾ?" ತಪ್ಪಿರಲಿಲ್ಲ, ಮಾಡಿರಲಿಲ್ಲ, ಮಾತು ಸರಿಯಾಗೇ ಇತ್ತು, ಜೋರಾಗೂ ಇತ್ತು. ಇದರಲ್ಲಿ ಯಾವುದಾದರೂ ಒಂದಕ್ಕೆ ಬೇರೆ ಉತ್ತರ ಬಂದಿದ್ದರೆ, ಹಲ್ಲನ್ನು ಬದಿಗಿಟ್ಟು ಸೀದಾ ತುರ್ತು ಚಿಕಿತ್ಸೆಗೆ ಓಡಿ ಎನ್ನುತ್ತಿದ್ದೆ ಅಂತ ಆಮೇಲೆ ಹೇಳಿದರು. ತಲೆಗೆ ಪೆಟ್ಟಾಗಿದೆಯೇ ಎನ್ನುವುದು ಯಾವತ್ತೂ ಮೊದಲು.

"ಸರಿ, ಹಲ್ಲು ಎಲ್ಲಿದೆ?"

"ಕರವಸ್ತ್ರದಲ್ಲಿದೆ ಅತ್ತಿಗೆ. ಇವರು ನೀರಿಗೆ ಹಾಕ್ತಾ ಇದಾರೆ."

"ನೀರು ಬೇಡ! ಹಾಲಿದೆಯಾ ಮನೇಲಿ? ಫ್ರಿಜ್ಜಿನಲ್ಲಿರೋ ತಣ್ಣನೆ ಹಾಲು. ಲೋಟಕ್ಕೆ ಸುರಿದು ಅದರಲ್ಲಿ ಮುಳುಗಿಸು. ಈಗಲೇ."

5:22ಕ್ಕೆ ಹಲ್ಲು ಹಾಲಿಗೆ ಬಿತ್ತು. ಅಂದರೆ 12 ನಿಮಿಷ ಅದು ಒಣಗಿತ್ತು.

ಹಾಲೇ ಏಕೆ, ನೀರೇಕೆ ಬೇಡ ಎನ್ನುವುದು ಆಗ ಕೇಳಲಿಲ್ಲ. ಆಮೇಲೆ ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ, ಏಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ನೆನಪಿರುತ್ತದೆ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಒಂದು ತೆಳು ಪೊರೆ, ಸಣ್ಣ ಸಣ್ಣ ನಾರುಗಳ ಜಾಲ. ಹಲ್ಲು ಕಿತ್ತು ಬಂದಾಗ ಈ ಪೊರೆ ಹರಿದು ಅರ್ಧ ಗುಳಿಯಲ್ಲಿ, ಅರ್ಧ ಬೇರಿನ ಮೇಲೆ ಉಳಿಯುತ್ತದೆ. ಬೇರಿನ ಮೇಲಿರುವ ಆ ಜೀವಕೋಶಗಳು ಬದುಕಿದ್ದರೆ, ಹಲ್ಲನ್ನು ವಾಪಸ್ ಇಟ್ಟಾಗ ನಾರುಗಳು ಮತ್ತೆ ಕೂಡಿಕೊಳ್ಳುತ್ತವೆ. ಸತ್ತಿದ್ದರೆ ಮೂಳೆ ನೇರವಾಗಿ ಬೇರಿಗೆ ಅಂಟಿಕೊಂಡು, ವರ್ಷಗಳು ಕಳೆದಂತೆ ಬೇರನ್ನೇ ಕರಗಿಸಿ ತಾನು ಆ ಜಾಗಕ್ಕೆ ಬರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಕಾಪಾಡಬೇಕಾದ್ದು ಕಣ್ಣಿಗೆ ಸರಿಯಾಗಿ ಕಾಣದ ಆ ಪೊರೆಯನ್ನು.

ಆ ಕೋಶಗಳಿಗೆ ದೊಡ್ಡ ಶತ್ರು ಒಣಗುವುದು. 15 ನಿಮಿಷದೊಳಗೆ ಹಲ್ಲು ಗುಳಿಗೆ ವಾಪಸ್ ಹೋದರೆ ಹೆಚ್ಚಿನವು ಉಳಿಯುವ ಸಾಧ್ಯತೆ ಇದೆ. ಒಂದು ಗಂಟೆ ಒಣಗಿದರೆ ಹೆಚ್ಚುಕಡಿಮೆ ಎಲ್ಲ ಸತ್ತಂತೆಯೇ. ನೀರು ಒದ್ದೆಯಾದರೂ ಅದರಲ್ಲಿ ಲವಣವಿಲ್ಲದ ಕಾರಣ, ಕೋಶಗಳು ನೀರು ಹೀರಿ ಊದಿಕೊಂಡು ಒಡೆಯುತ್ತವೆ. ಹಾಲಿನಲ್ಲಿ ಲವಣದ ಪ್ರಮಾಣ ನಮ್ಮ ಮೈಯ ದ್ರವಕ್ಕೆ ಹತ್ತಿರ, ಹುಳಿಯೂ ಇಲ್ಲ. ಅದಕ್ಕೇ ಅದು ಒಂದಷ್ಟು ಹೊತ್ತು ಅವನ್ನು ಕಾಯುತ್ತದೆ. ಮೊಸರು, ಮಜ್ಜಿಗೆ ಹುಳಿ, ಅವು ಬೇಡ. ಸಕ್ಕರೆ ಹಾಕಿದ್ದು, ಬಿಸಿಬಿಸಿ ಇರುವುದು ಬೇಡ. ಸಾದಾ ತಣ್ಣನೆ ಹಾಲು, ಕೆನೆ ಇದ್ದರೂ ಸರಿ ಇಲ್ಲದಿದ್ದರೂ ಸರಿ.

ಹಾಲು ಸಿಗದಿದ್ದರೆ? ಮಗುವೇ ಒಂದು ಲೋಟಕ್ಕೆ ಉಗುಳಲಿ, ಆ ಉಗುಳಿನಲ್ಲಿ ಹಾಕಿ. ಆಸ್ಪತ್ರೆಯಲ್ಲಿ ಸಿಗುವ ಸಲೈನ್ ಇದ್ದರೆ ಅದೂ ಆಗುತ್ತದೆ. ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಇದ್ದರೆ ತೇವ ಆರದಂತೆ ಅದರಲ್ಲಿ ಬಿಗಿಯಾಗಿ ಸುತ್ತಬಹುದು. ಇವು ಯಾವುವೂ ಇಲ್ಲ ಅಂದಾಗ ಮಾತ್ರ ನೀರು. ಒಣಗಿಸುವುದಕ್ಕಿಂತ ಅದೇ ವಾಸಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹಲ್ಲು ಹಾಲಿಗೆ ಬಿದ್ದಾಯಿತು, ಇನ್ನು ಆಸ್ಪತ್ರೆಗೆ ಹೊರಡೋಣ ಅಂತ ನಾನು ಚಪ್ಪಲಿ ಮೆಟ್ಟಿದ್ದೆ. ಅತ್ತಿಗೆ ಬಿಡಲಿಲ್ಲ.

"ಹೊರಡಬೇಡ. ಹಲ್ಲನ್ನು ಅಲ್ಲೇ ವಾಪಸ್ ಹಾಕು."

"ನಾನಾ?!"

"ನೀನೇ. ಹಾಲು ಅನ್ನೋದು ಕಾಯೋ ಜಾಗ ಅಷ್ಟೇ. ಅದರ ಮನೆ ಬಾಯೇ. ಡಾಕ್ಟರು ಎಷ್ಟು ಹೊತ್ತಿಗೆ ಸಿಗ್ತಾರೋ ಯಾರಿಗೆ ಗೊತ್ತು?"

ಹೇಳುವುದು ಸುಲಭ. ರಕ್ತ ಸುರಿಯುವ ಬಾಯಿಗೆ, ಅಳುವ ಮಗುವಿಗೆ, ಕಿತ್ತು ಬಂದ ಹಲ್ಲನ್ನು ನಾನು ಕೈಯಾರೆ ತುರುಕಬೇಕಾ? ಕೈ ನಡುಗುತ್ತಿತ್ತು. ನೋವಾಗುವುದಿಲ್ಲವಾ ಎಂದು ಕೇಳಿದೆ. ಆಗುತ್ತೆ, ಆದರೆ ನೀನು ಅಂದುಕೊಂಡಷ್ಟಲ್ಲ, ಪೆಟ್ಟು ಬಿದ್ದ ಮೊದಲ ಹೊತ್ತಿನಲ್ಲಿ ಜಾಗ ಮರಗಟ್ಟಿದ ಹಾಗಿರುತ್ತೆ ಎಂದರು. ಒಂದೆರಡು ವಿಷಯ ಮೊದಲು ಖಚಿತ ಮಾಡಿಕೊಂಡರು. ಹಲ್ಲು ಇಡಿಯಾಗಿದೆಯಾ, ಬೇರು ಮುರಿದಿದೆಯಾ. ಇಡಿಯಾಗಿತ್ತು. ಮಗಳಿಗೆ ಹೃದಯದ ತೊಂದರೆಯಾಗಲಿ, ರೋಗನಿರೋಧಕ ಶಕ್ತಿ ಕುಂದುವ ಕಾಯಿಲೆಯಾಗಲಿ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅಂಥ ಮಕ್ಕಳಾಗಿದ್ದರೆ ಮನೆಯಲ್ಲಿ ಹಾಕದೆ, ಹಾಲಿನಲ್ಲಿಟ್ಟುಕೊಂಡು ವೈದ್ಯರಲ್ಲಿಗೇ ಒಯ್ಯಬೇಕು. ಅರೆಪ್ರಜ್ಞೆಯಲ್ಲಿರುವ ಮಗುವಿಗೂ ಅಷ್ಟೇ, ಹಲ್ಲು ಗಂಟಲಿಗೆ ಜಾರಬಹುದು.

ಗಂಡ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಅವಳ ಬೆನ್ನು ಇವರ ಎದೆಗೆ, ತಲೆ ಇವರ ಭುಜಕ್ಕೆ. ಬಾಯಿ ಒಂದು ಸಲ ಮೆಲ್ಲಗೆ ನೀರಿನಲ್ಲಿ ಮುಕ್ಕಳಿಸಿ ಉಗುಳಿದಳು. ಗುಳಿಯಲ್ಲಿದ್ದ ಹೆಪ್ಪುರಕ್ತ ಸ್ವಲ್ಪ ಹೋಯಿತು. ನಾನು ಕೈ ತೊಳೆದು, ಹಲ್ಲನ್ನು ಮೇಲ್ಭಾಗದಲ್ಲಿ, ಅಂದರೆ ಬಾಯಲ್ಲಿ ಬೆಳ್ಳಗೆ ಕಾಣುವ ಭಾಗದಲ್ಲಿ, ಎರಡು ಬೆರಳಿನಿಂದ ಹಿಡಿದೆ. ಬೇರನ್ನು ಮುಟ್ಟುವ ಹಾಗಿಲ್ಲ. ಮರಳಿನ ನಾಲ್ಕೈದು ಕಣ ಇನ್ನೂ ಅಂಟಿದ್ದವು. ಹಲ್ಲನ್ನು ಹಾಲಿನಲ್ಲೇ ಮೆಲ್ಲಗೆ ಆಡಿಸಿ ಎಂದರು, ಬ್ರಷ್ ಬೇಡ, ಸೋಪು ಬೇಡ, ಉಗುರಿನಿಂದ ಕೆರೆಯುವುದಂತೂ ಬೇಡವೇ ಬೇಡ. ಹೊಸ ಹಾಲಿನಲ್ಲಿ ಎರಡು ಸಲ ಆಡಿಸಿದ ಮೇಲೆ ಒಂದೇ ಒಂದು ಕಣ ಉಳಿಯಿತು, ಕೊನೆಗೆ ಅದೂ ಬಿಟ್ಟಿತು.

ಮೊದಲ ಸಲ ಇಡಲು ಹೋದಾಗ ಅವಳು ತಲೆ ಕೊಡವಿದಳು, ಹಲ್ಲು ನನ್ನ ಬೆರಳಿನಿಂದ ಜಾರಿ ಅವಳ ಮಡಿಲಿಗೆ ಬಿತ್ತು. ನಾನು ಅತ್ತೇಬಿಟ್ಟೆ. ಅತ್ತಿಗೆ ಫೋನಿನಲ್ಲಿ ಗದರಿದರು. "ಎತ್ತು, ಹಾಲಿನಲ್ಲಿ ಅದ್ದು, ಮತ್ತೆ ಹಾಕು. ಮುಂಭಾಗ ಯಾವುದು ನೋಡು ಮೊದಲು."

ನಿಜ, ಅದನ್ನು ನೋಡಿರಲೇ ಇಲ್ಲ. ಕೈಗೆ ಬಂದ ಹಲ್ಲಿನ ಹಿಂದುಮುಂದು ತಿಳಿಯುವುದು ಅಷ್ಟು ಸುಲಭವಲ್ಲ. ಮುಂಭಾಗ ನಯವಾಗಿ ಸ್ವಲ್ಪ ಉಬ್ಬಿರುತ್ತದೆ. ನಾಲಿಗೆಯ ಕಡೆಯದು ಚಮಚದ ಹಾಗೆ ಒಳಕ್ಕೆ ತಗ್ಗಾಗಿರುತ್ತದೆ. ಪಕ್ಕದ ಹಲ್ಲನ್ನು ನೋಡಿ ತಾಳೆ ಹಾಕಿದೆ.

ಎರಡನೆಯ ಸಲ "ಪುಟ್ಟೀ, ಹತ್ತು ಎಣಿಸು" ಎಂದೆ. ಅವಳು ಬಾಯಿ ತೆರೆದೇ ಆ ಆ ಎಂದು ಎಣಿಸಿದಳು. ಬೇರಿನ ತುದಿಯನ್ನು ಗುಳಿಯ ಬಾಯಿಗೆ ಇಟ್ಟು ಮೆಲ್ಲಗೆ ಒತ್ತಿದೆ. ಮೊದಲು ಏನೋ ಮೆತ್ತಗೆ ತಡೆದ ಹಾಗಾಯಿತು, ಹೆಪ್ಪುರಕ್ತವಿರಬೇಕು. ಒತ್ತುತ್ತಾ ಹೋದಂತೆ ಅದು ಜರುಗಿತು, ಆಮೇಲೆ ಹಲ್ಲು ತಾನೇ ದಾರಿ ಗೊತ್ತಿದ್ದ ಹಾಗೆ ಒಳಗೆ ಸರಿಯಿತು. ಆರೋ ಏಳೋ ಎಣಿಸುವಷ್ಟರಲ್ಲಿ ಪಕ್ಕದ ಹಲ್ಲಿನ ಸಮಕ್ಕೆ ಬಂದು ನಿಂತಿತು. ಗಟ್ಟಿಯಾಗಿ ಏನಾದರೂ ಅಡ್ಡ ಬಂದಿದ್ದರೆ ಬಲ ಹಾಕದೆ ನಿಲ್ಲಿಸು, ಗುಳಿಯ ಮೂಳೆ ಮುರಿದು ಅಡ್ಡ ನಿಂತಿರಬಹುದು, ಆಗ ಹಾಲಿಗೇ ವಾಪಸ್ ಹಾಕು ಎಂದು ಮೊದಲೇ ಹೇಳಿದ್ದರು. ನಮಗೆ ಅಂಥದ್ದೇನೂ ಸಿಗಲಿಲ್ಲ.

ಮಡಚಿದ ಶುಭ್ರ ಬಟ್ಟೆಯನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಕೊಳ್ಳಲು ಹೇಳಿದೆವು. ಸಮಯ 5:31. ಬಿದ್ದು 21 ನಿಮಿಷ. ಅದರಲ್ಲಿ 12 ಒಣಗಿದ್ದು, 9 ಹಾಲಿನಲ್ಲಿದ್ದದ್ದು.

ಪಾರ್ಕಿನಲ್ಲೇ ನನಗೆ ಇದೆಲ್ಲ ಗೊತ್ತಿದ್ದಿದ್ದರೆ, ಬಾಟಲಿಯ ನೀರನ್ನು ಬೇರಿನ ಮೇಲೆ ಕೆಲವೇ ಕ್ಷಣ ಹರಿಸಿ, ಬೆಂಚಿನ ಮೇಲೆ ಕೂತೇ ಹಾಕಿಬಿಡಬಹುದಿತ್ತು. 5:16ಕ್ಕೆಲ್ಲ ಕೆಲಸ ಮುಗಿಯುತ್ತಿತ್ತು. ಇದನ್ನು ನೆನೆದು ನಾನು ಎಷ್ಟೋ ರಾತ್ರಿ ಹೊರಳಾಡಿದ್ದೇನೆ.

ಇನ್ನು ಆಸ್ಪತ್ರೆಯ ಕತೆ. ಮೊದಲು ಹೋದ ಜಾಗದಲ್ಲಿ ಮುಂದಿನ ಮೇಜಿನವರು ಹೆಸರು, ವಯಸ್ಸು, ವಿಳಾಸ ಬರೆಸಿಕೊಂಡು ಕೂರಿಸಿದರು. "ರಕ್ತ ನಿಂತಿದೆಯಲ್ಲ, ಕೂತಿರಿ." ನಾವು ಕೂತೆವು. ಮುಕ್ಕಾಲು ಗಂಟೆ ಆದ ಮೇಲೆ ಹಲ್ಲಿನ ಡಾಕ್ಟರು ಹೊರಟುಹೋಗಿದ್ದಾರೆ, ನಾಳೆ ಬನ್ನಿ ಎಂದರು! ಈ ಮಾತನ್ನು ಮೊದಲೇ ಹೇಳಬಹುದಿತ್ತು, ಅಲ್ವಾ? ಅತ್ತಿಗೆ ಅಷ್ಟರಲ್ಲಿ ತಮ್ಮ ಪರಿಚಯದವರನ್ನು ಹಿಡಿದು, ಸಂಜೆ ತಡವಾಗಿಯೂ ತೆರೆದಿರುವ ಮಕ್ಕಳ ದಂತವೈದ್ಯರೊಬ್ಬರನ್ನು ಹುಡುಕಿದ್ದರು. ಅಲ್ಲಿ ಕುರ್ಚಿಯ ಮೇಲೆ ಮಗಳು ಕೂತಾಗ ಏಳು ಗಂಟೆ ಹತ್ತಿರ.

ಹಲ್ಲು ಆಗಲೂ ಲೋಟದಲ್ಲೇ ಇದ್ದಿದ್ದರೆ ಆ ಕಾಯುವಿಕೆಯ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತಿತ್ತು. ಬಾಯಲ್ಲಿದ್ದ ಕಾರಣ ಬರಲಿಲ್ಲ. ನನಗೆ ಸಿಟ್ಟು ಬಂತು, ಮಗಳಿಗೆ ಹಸಿವಾಯಿತು, ಆದರೆ ಹಲ್ಲಿಗೆ ಏನೂ ಆಗಲಿಲ್ಲ.

ನೀವು ಹಲ್ಲನ್ನು ಹಾಲಿನಲ್ಲಿಟ್ಟುಕೊಂಡೇ ಹೋಗಬೇಕಾಗಿ ಬಂದರೆ, ಮೇಜಿನವರ ಹತ್ತಿರ "ಹಲ್ಲು ನೋವು", "ಬಿದ್ದು ಪೆಟ್ಟಾಗಿದೆ" ಎನ್ನಬೇಡಿ. "ಮಗುವಿನ ಶಾಶ್ವತ ಹಲ್ಲು ಬೇರುಸಮೇತ ಕಿತ್ತು ಬಂದಿದೆ, ಹಾಲಿನಲ್ಲಿದೆ, ಇಷ್ಟು ಹೊತ್ತಾಯಿತು, ಹಲ್ಲಿನ ಡಾಕ್ಟರು ಈಗ ಇದ್ದಾರಾ?" ಎಂದು ಒಂದೇ ಉಸಿರಿನಲ್ಲಿ ಕೇಳಿ, ಲೋಟವನ್ನೂ ತೋರಿಸಿ. ಇಲ್ಲ ಎಂದರೆ ಅಲ್ಲಿ ಕೂರಬೇಡಿ. ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ದಂತವೈದ್ಯರು ಮೊದಲು ಕೇಳಿದ್ದು ಸಮಯಗಳನ್ನೇ. ಎಷ್ಟು ಗಂಟೆಗೆ ಬಿತ್ತು, ಎಷ್ಟು ಹೊತ್ತು ಒಣಗಿತ್ತು, ಯಾವುದರಲ್ಲಿ ಇಟ್ಟಿರಿ, ಎಷ್ಟು ಗಂಟೆಗೆ ವಾಪಸ್ ಹಾಕಿದಿರಿ. ನಾನು ತಡವರಿಸಿದೆ. "ಒಂದರ್ಧ ಗಂಟೆ ಇರಬಹುದು" ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ, ಫೋನ್ ತೆಗೆದು ನೋಡಿ ಹೇಳಿ ಎಂದರು. ಅಲ್ಲೇ ಕೂತು ಲೆಕ್ಕ ಹಾಕಿದ್ದು. ಮುಂದೆ ಹಲ್ಲು ಹೇಗೆ ನಡೆದುಕೊಳ್ಳುತ್ತದೆ ಎಂದು ಅಂದಾಜು ಮಾಡಲು ಅವರಿಗಿರುವ ದೊಡ್ಡ ಸುಳಿವು ಒಣಗಿದ ಹೊತ್ತು. ಹಾಗಾಗಿ ದಾರಿಯಲ್ಲೇ ಆ ನಾಲ್ಕು ಸಮಯಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮಗುವಿನ ಲಸಿಕೆ ಕಾರ್ಡನ್ನೂ ಕೇಳುತ್ತಾರೆ, ಹಲ್ಲು ಮಣ್ಣಿಗೆ ಬಿದ್ದಿರುವುದರಿಂದ ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ಎಂದು ನೋಡಲು. ನಮ್ಮದು ಮನೆಯ ಬೀರುವಿನಲ್ಲಿತ್ತು. ನೆರೆಮನೆಯವರಿಗೆ ಬೀಗದ ಕೈ ಎಲ್ಲಿದೆ ಎಂದು ಹೇಳಿ ಫೋಟೋ ತರಿಸಿಕೊಳ್ಳಬೇಕಾಯಿತು. ಈಗ ಅದರ ಫೋಟೋ ನನ್ನ ಮೊಬೈಲಿನಲ್ಲೇ ಇದೆ.

ಎಕ್ಸ್‌ರೇ ತೆಗೆದರು. ಹಲ್ಲು ಸರಿಯಾದ ಜಾಗದಲ್ಲಿತ್ತು, ಸುಮಾರು ಒಂದು ಮಿಲಿಮೀಟರ್ ಕೆಳಗೆ ಇಳಿದಿತ್ತಷ್ಟೆ. ಮರಗಟ್ಟುವ ಚುಚ್ಚುಮದ್ದು ಕೊಟ್ಟು ಬೆರಳಿನಿಂದಲೇ ಒತ್ತಿ ಸರಿಮಾಡಿದರು. ತೆಗೆದು ಮತ್ತೆ ಹಾಕುತ್ತಾರೇನೋ ಎಂದು ನಾನು ಹೆದರಿದ್ದೆ. "ನೀವು ಹಾಕಿದ್ದನ್ನು ನಾನ್ಯಾಕೆ ಕೀಳಲಿ?" ಎಂದರು. ಆ ದಿನ ಮೊದಲ ಬಾರಿಗೆ ನನಗೆ ಸರಿಯಾಗಿ ಉಸಿರು ಬಂತು.

ಆಮೇಲೆ ಸ್ಪ್ಲಿಂಟ್. 0.4 ಮಿಲಿಮೀಟರ್ ದಪ್ಪದ ತೆಳು ತಂತಿಯನ್ನು ಹಲ್ಲಿನ ಮುಂಭಾಗದಲ್ಲಿ ಅಡ್ಡ ಇಟ್ಟು, ಆಚೀಚಿನ ಹಲ್ಲುಗಳಿಗೆ ಬಿಳಿಯ ಅಂಟಿನಿಂದ ಸೇರಿಸಿದರು. ಇಷ್ಟು ಸಪೂರ ತಂತಿ ಏನು ಹಿಡಿದೀತು ಅಂತ ನಾನು ಕೇಳಿದೆ. ಬಿಗಿಯಾಗಿ ಹಿಡಿಯಲೇಬಾರದಂತೆ. ಅಗಿಯುವಾಗ ಹಲ್ಲು ಎಳ್ಳಷ್ಟು ಅಲುಗಾಡಿದರೇ ಆ ನಾರುಗಳು ಸರಿಯಾಗಿ ಕೂಡುತ್ತವೆ. ಕಲ್ಲಿನ ಹಾಗೆ ಕಟ್ಟಿಬಿಟ್ಟರೆ ಮೂಳೆಗೆ ಅಂಟಿಕೊಳ್ಳುವ ಅಪಾಯ ಜಾಸ್ತಿ. ಎರಡೇ ವಾರ ಇದು. ಗುಳಿಯ ಮೂಳೆಯೂ ಮುರಿದಿದ್ದರೆ ನಾಲ್ಕು ವಾರ ಇರುತ್ತಿತ್ತು.

ಎಕ್ಸ್‌ರೇಯಲ್ಲಿ ಇನ್ನೊಂದು ವಿಷಯ ತೋರಿಸಿದರು. ಬೇರಿನ ತುದಿ ಇನ್ನೂ ಮುಚ್ಚಿರಲಿಲ್ಲ, ಕೊಳವೆಯ ಬಾಯಿಯ ಹಾಗೆ ತೆರೆದಿತ್ತು. ಈ ಹಲ್ಲಿನ ಬೇರು ಪೂರ್ತಿ ಬೆಳೆಯುವುದು ಹತ್ತು ವರ್ಷದ ಹೊತ್ತಿಗೆ. ತೆರೆದ ಬಾಯಿಯಿಂದ ರಕ್ತನಾಳಗಳು ಮತ್ತೆ ಒಳಗೆ ಬೆಳೆದು ಹಲ್ಲಿನ ಜೀವ ಮರಳುವ ಸಾಧ್ಯತೆ ಇದೆ, ಹಾಗಾಗಿ ರೂಟ್ ಕೆನಾಲ್ ಈಗಲೇ ಬೇಡ, ಕಾದು ನೋಡೋಣ ಎಂದರು. ನಿಮ್ಮ ಮಗು ಹನ್ನೆರಡು ಹದಿಮೂರರದಾಗಿದ್ದರೆ ಇದನ್ನು ನೋಡಿ ಕಾಯಬೇಡಿ. ಬೇರಿನ ತುದಿ ಮುಚ್ಚಿದ ಮೇಲೆ ಒಳಗಿನ ನರ ಮತ್ತೆ ಜೀವ ಪಡೆಯುವುದಿಲ್ಲ, ಎರಡು ವಾರದೊಳಗೆ ರೂಟ್ ಕೆನಾಲ್ ಶುರುಮಾಡಲೇಬೇಕು. ನೋವಿಲ್ಲ ಎಂದು ಮುಂದೂಡಿದರೆ ಸತ್ತ ನರದ ಸೋಂಕು ಬೇರನ್ನು ತಿನ್ನುತ್ತದೆ.

ಅವಳ ತೂಕ ನೋಡಿ ಆಂಟಿಬಯಾಟಿಕ್ ಬರೆದರು. ದಿನಕ್ಕೆರಡು ಸಲ ಕ್ಲೋರ್‌ಹೆಕ್ಸಿಡಿನ್ ದ್ರವದಲ್ಲಿ ಬಾಯಿ ಮುಕ್ಕಳಿಸಬೇಕು, ಪ್ರತಿ ಊಟದ ನಂತರ ಮೆತ್ತನೆಯ ಬ್ರಷ್, ಎರಡು ವಾರ ಮೆತ್ತನೆಯ ಊಟ. ನಾವು ಹೆದರಿ ಆ ಜಾಗಕ್ಕೆ ಬ್ರಷ್ಷೇ ತಾಗಿಸುತ್ತಿರಲಿಲ್ಲ. ನಾಲ್ಕನೆಯ ದಿನ ಒಸಡು ಕೆಂಪಾಗಿ ಊದಿತು. ಅತ್ತಿಗೆ ವಿಡಿಯೊ ಕಾಲಿನಲ್ಲಿ ನೋಡಿ ಬೈದರು. ತಂತಿಯ ಸುತ್ತ ಕೊಳೆ ನಿಂತರೆ ಅದೇ ಸೋಂಕಿಗೆ ದಾರಿ. ಅವತ್ತಿನಿಂದ ನಾನೇ ಕೂರಿಸಿಕೊಂಡು ಉಜ್ಜಿದೆ, ಮೂರು ದಿನದಲ್ಲಿ ಇಳಿಯಿತು.

ಖರ್ಚಿನ ಬಗ್ಗೆ ಒಂದು ಮಾತು. ನಾನು ಮೊದಲ ದಿನದ ಬಿಲ್ ಕಟ್ಟಿ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೊದಲ ದಿನದ್ದು ಎಕ್ಸ್‌ರೇ, ಸ್ಪ್ಲಿಂಟ್, ಔಷಧ ಮಾತ್ರ. ಆಮೇಲೆ ಸ್ಪ್ಲಿಂಟ್ ತೆಗೆಯಲು ಎರಡು ವಾರಕ್ಕೆ, ಮತ್ತೆ ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಕನಿಷ್ಠ ಐದು ವರ್ಷ. ಹೆಚ್ಚುಕಡಿಮೆ ಪ್ರತಿ ಸಲವೂ ಎಕ್ಸ್‌ರೇ. ಇದನ್ನೆಲ್ಲ ಸೇರಿಸಿ ಒಟ್ಟು ಎಷ್ಟಾಗುತ್ತದೆ ಎಂದು ಮೊದಲ ದಿನವೇ ಕೇಳಿಕೊಳ್ಳಿ. ವಿಮೆ ಇದ್ದರೆ ಡಾಕ್ಟರು ಅಪಘಾತದ ಸಮಯ, ಕಾರಣ, ಹಲ್ಲಿನ ಸ್ಥಿತಿ ಬರೆದುಕೊಟ್ಟ ಚೀಟಿ ಮತ್ತು ಮೊದಲ ಎಕ್ಸ್‌ರೇಯ ಪ್ರತಿ ಬೇಕಾಗುತ್ತದೆ. ಅದನ್ನು ಅವತ್ತೇ ಕೇಳಿ ಪಡೆಯಿರಿ. ತಿಂಗಳ ನಂತರ ಕೇಳಿ ಪಡೆಯಲು ನಾನು ಎರಡು ಸಲ ಅಲೆದೆ.

ಪ್ರತಿ ಭೇಟಿಯಲ್ಲೂ ಡಾಕ್ಟರು ಕನ್ನಡಿಯ ಹಿಡಿಯಿಂದ ಆ ಹಲ್ಲನ್ನು ಒಮ್ಮೆ, ಪಕ್ಕದ ಹಲ್ಲನ್ನು ಒಮ್ಮೆ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾರೆ. ಪೊರೆ ಇದ್ದರೆ ಎರಡರ ಸದ್ದೂ ಒಂದೇ, ಮಂದ. ಮೂಳೆ ಬೇರಿಗೆ ಅಂಟಿಕೊಂಡಿದ್ದರೆ ಲೋಹಕ್ಕೆ ತಟ್ಟಿದ ಹಾಗೆ ಟಣ್ ಎನ್ನುತ್ತದಂತೆ. ಹಾಗಾದರೆ ಮಗು ಬೆಳೆದಂತೆ ಪಕ್ಕದ ಹಲ್ಲುಗಳು ಕೆಳಗೆ ಬರುತ್ತವೆ, ಇದು ಮಾತ್ರ ಅಲ್ಲೇ ನಿಂತು ಗಿಡ್ಡವಾಗಿ ಕಾಣುತ್ತದೆ. ಹಾಗಾದರೂ ಹಲ್ಲು ಹಾಕಿದ್ದು ದಂಡವಲ್ಲ, ಬೆಳೆಯುವ ವರ್ಷಗಳಲ್ಲಿ ಆ ಜಾಗದ ಮೂಳೆ ಸವೆಯದಂತೆ ಅದು ಕಾಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನನ್ನ 12 ನಿಮಿಷದ ಕರವಸ್ತ್ರ, ಆ ಒಂದು ಸಲದ ಒರೆಸುವಿಕೆ, ಇವೆರಡೂ ಆ ಸದ್ದಿನಲ್ಲಿ ಎಲ್ಲಿ ಕೇಳಿಬಿಡುತ್ತವೋ ಎಂದು ಪ್ರತಿ ಸಲ ಉಸಿರು ಬಿಗಿಹಿಡಿದು ಕೂರುತ್ತೇನೆ.

ಕಳೆದ ವಾರ ಆರು ತಿಂಗಳ ತಪಾಸಣೆ ಆಯಿತು. ಟಕ್, ಟಕ್. ಎರಡೂ ಒಂದೇ ಸದ್ದು. ಎಕ್ಸ್‌ರೇಯಲ್ಲಿ ಬೇರು ತಿಂದ ಗುರುತಿಲ್ಲ, ತುದಿಯ ಬಾಯಿ ಸ್ವಲ್ಪ ಕಿರಿದಾಗಿದೆ, ಒಳಗಿನ ಕೊಳವೆಯೂ ಸಪೂರವಾಗುತ್ತಿದೆ. ಜೀವ ಮರಳಿದ್ದರ ಗುರುತು ಅದು ಎಂದರು. ಹಲ್ಲಿನ ಬಣ್ಣ ಪಕ್ಕದ್ದಕ್ಕಿಂತ ಒಂಚೂರು ಹಳದಿ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಮೊನ್ನೆ ರಾತ್ರಿ ಊಟ ಮಾಡುವಾಗ ಅವಳ ಪಕ್ಕದ ಹಾಲುಹಲ್ಲೊಂದು ಕೈಗೆ ಬಂತು. ತುಂಬಾ ದಿನದಿಂದ ಅಲುಗಾಡುತ್ತಿತ್ತು. ತಟ್ಟೆ ಬಿಟ್ಟು ಎದ್ದು, ಆ ಹಲ್ಲನ್ನು ಎರಡು ಬೆರಳಿನಲ್ಲಿ ಮೇಲ್ಭಾಗ ಹಿಡಿದು, ಸೀದಾ ಫ್ರಿಜ್ಜಿನ ಹತ್ತಿರ ಹೋದಳು. "ಅಮ್ಮಾ, ಲೋಟ ಕೊಡು!"

"ಬೇಡ ಪುಟ್ಟಿ, ಅದು ಹಾಲುಹಲ್ಲು. ವಾಪಸ್ ಹಾಕಬಾರದು, ಒಳಗೆ ಬರ್ತಾ ಇರೋ ಹೊಸ ಹಲ್ಲಿಗೆ ತೊಂದರೆ ಆಗುತ್ತೆ."

ಅವಳು ಹಲ್ಲನ್ನು ತಿರುಗಿಸಿ ನೋಡಿದಳು. ಬೇರು ಇರಲಿಲ್ಲ. "ಹಾಲುಹಲ್ಲನ್ನ ಹಾಲಿಗೆ ಹಾಕಬಾರದು, ಹಾಲುಹಲ್ಲು ಅಲ್ಲದೇ ಇರೋದನ್ನ ಹಾಕಬೇಕು. ಯಾರಮ್ಮಾ ಇದಕ್ಕೆ ಹೆಸರಿಟ್ಟಿದ್ದು?" ಎಂದು ಕೇಳಿ, ತಟ್ಟೆಯ ಮುಂದೆ ಬಂದು ಕೂತಳು.